ಎಎಂಎಚ್: ಅಂಡಾಣುಗಳ ಲೆಕ್ಕ ಬೇರೆ, ಬಸಿರಿನ ಲೆಕ್ಕ ಬೇರೆ

ಲ್ಯಾಬಿನಿಂದ ಬರುವ ವರದಿ ಒಂದೇ ಹಾಳೆಯದು. ಎಡಗಡೆ ‘ಆ್ಯಂಟಿ ಮುಲ್ಲೇರಿಯನ್ ಹಾರ್ಮೋನ್’ ಎಂದು ಪರೀಕ್ಷೆಯ ಹೆಸರು, ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ 0.9, ಅದರ ಪಕ್ಕದಲ್ಲಿ ‘ಕಡಿಮೆ’ ಎಂದು ತೋರಿಸುವ ಗುರುತು, ಬಲಗಡೆ ಸಣ್ಣ ಅಕ್ಷರಗಳಲ್ಲಿ ವಯಸ್ಸಿಗೆ ತಕ್ಕ ಮಿತಿಗಳು. ಮೊಬೈಲಿಗೆ ಪಿಡಿಎಫ್ ಬಂದ ಕೂಡಲೇ ಕಣ್ಣು ಹೋಗುವುದು ಆ ಗುರುತಿಗೇ. ಡಾಕ್ಟರನ್ನು ಕಾಣುವಷ್ಟರಲ್ಲಿ ಮನೆಯಲ್ಲಿ ಮಾತು ಶುರುವಾಗಿರುತ್ತದೆ: ‘ಅವಳಿಗೆ ಮೊಟ್ಟೆ ಕಮ್ಮಿ ಇವೆಯಂತೆ.’ ಎರಡು ದಿನ ಕಳೆಯುವುದರೊಳಗೆ ಅದು ‘ಅವಳಿಗೆ ಮಕ್ಕಳಾಗೋದು ಕಷ್ಟವಂತೆ’ ಎಂದಾಗಿರುತ್ತದೆ. ಮೊದಲಿನ ಮಾತು ಹೆಚ್ಚುಕಡಿಮೆ ಸರಿ. ಎರಡನೆಯದನ್ನು ಆ ಹಾಳೆ ಹೇಳಿಯೇ ಇಲ್ಲ.

ಎಎಂಎಚ್ ಪರೀಕ್ಷೆಗೆ ತೋಳಿನಿಂದ ಒಂದು ಸಣ್ಣ ಟ್ಯೂಬಿನಷ್ಟು ರಕ್ತ ಸಾಕು. ಖಾಲಿ ಹೊಟ್ಟೆಯಲ್ಲಿ ಇರಬೇಕಾಗಿಲ್ಲ. ಮುಟ್ಟಿನ ಎರಡನೇ ಮೂರನೇ ದಿನಕ್ಕೇ ಕಾದು ಮಾಡಿಸಬೇಕಾದ ಎಫ್‌ಎಸ್‌ಎಚ್ ಪರೀಕ್ಷೆಯಂತೆ ಇದಕ್ಕೆ ದಿನ ನೋಡಬೇಕಿಲ್ಲ. ತಿಂಗಳುದ್ದಕ್ಕೂ ಇದರ ಮಟ್ಟ ಹೆಚ್ಚು ಏರಿಳಿಯುವುದಿಲ್ಲ. ಇಷ್ಟು ಸಲೀಸಾಗಿರುವುದರಿಂದಲೇ ಇದು ಈಗ ಮದುವೆಯಾಗಿ ವರ್ಷ ತುಂಬದ ಹುಡುಗಿಯರ ಕೈಗೂ, ಮದುವೆಯೇ ಆಗದವರ ಹೆಲ್ತ್ ಪ್ಯಾಕೇಜಿನೊಳಗೂ ಬಂದು ಸೇರಿದೆ. ಇದು ಏನನ್ನು ಅಳೆಯುತ್ತದೆ ಎಂಬುದನ್ನು ಮಾತ್ರ ಬಹಳ ಕಡೆ ಯಾರೂ ಕೂತು ಹೇಳುವುದಿಲ್ಲ.

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳದ್ದಾಗಿರುವಾಗ ಅದರ ಅಂಡಾಶಯಗಳಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಹತ್ತಿಪ್ಪತ್ತು ಲಕ್ಷ ಉಳಿದಿರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಇಡೀ ಬದುಕಿನಲ್ಲಿ ಅಂಡಾಶಯದಿಂದ ಹೊರಬೀಳುವುದು ಇವುಗಳಲ್ಲಿ ನಾನೂರು ಐನೂರು ಮಾತ್ರ. ಮಿಕ್ಕವೆಲ್ಲ ಅಲ್ಲಲ್ಲೇ ಕರಗಿಹೋಗುತ್ತವೆ. ಬಸಿರಾಗಿದ್ದಾಗಲೂ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾಗಲೂ ಈ ಕರಗುವಿಕೆ ನಿಲ್ಲದು. ಹೀಗೆ ಉಳಿದಿರುವ ಸಂಗ್ರಹಕ್ಕೇ ಡಾಕ್ಟರುಗಳು ‘ಓವೇರಿಯನ್ ರಿಸರ್ವ್’ ಎನ್ನುವುದು, ಜನ ‘ಎಗ್ ರಿಸರ್ವ್’ ಎನ್ನುವುದು.

ಈ ಸಂಗ್ರಹದ ಬಹುಪಾಲು ನಿದ್ದೆಯಲ್ಲಿರುತ್ತದೆ. ನಿದ್ದೆಯಲ್ಲಿರುವ ಅಂಡಾಣುಗಳು ಎಎಂಎಚ್ ತಯಾರಿಸುವುದಿಲ್ಲ, ಹಾಗಾಗಿ ಅವನ್ನು ನೇರವಾಗಿ ಎಣಿಸುವ ರಕ್ತಪರೀಕ್ಷೆಯೂ ಇಲ್ಲ. ದಿನದಿನವೂ ಒಂದಿಷ್ಟು ಅಂಡಾಣುಗಳು ಎಚ್ಚರಗೊಂಡು ಬೆಳೆಯತೊಡಗುತ್ತವೆ. ಪ್ರತಿಯೊಂದರ ಸುತ್ತಲೂ ಪುಟ್ಟ ಕೋಶಗಳ ಹೊದಿಕೆಯೊಂದು ಕಟ್ಟಿಕೊಳ್ಳುತ್ತದೆ. ಅಂಡಾಣು, ಹೊದಿಕೆ ಎರಡೂ ಸೇರಿದ ಆ ಚಿಕ್ಕ ಚೀಲವೇ ಫಾಲಿಕಲ್. ಎಎಂಎಚ್ ಒಸರುವುದು ಈ ಹೊದಿಕೆಯ ಕೋಶಗಳಿಂದ, ಅದೂ ಫಾಲಿಕಲ್ ಚಿಕ್ಕದಿರುವಾಗ. ಎಂಟು ಮಿಲಿಮೀಟರ್ ದಾಟಿತೆಂದರೆ ಒಸರುವುದು ಬಹುತೇಕ ನಿಂತುಹೋಗುತ್ತದೆ. ಅಂದರೆ ರಕ್ತದಲ್ಲಿ ಕಾಣುವ ಎಎಂಎಚ್ ಈಗ ಎಚ್ಚರಗೊಂಡು ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳ ಗುಂಪು ಎಷ್ಟು ದೊಡ್ಡದು ಎಂಬುದರ ಅಳತೆ. ಒಳಗಿನ ಸಂಗ್ರಹ ದೊಡ್ಡದಿದ್ದರೆ ಎಚ್ಚರಗೊಳ್ಳುವವೂ ಹೆಚ್ಚು, ಚಿಕ್ಕದಿದ್ದರೆ ಕಡಿಮೆ. ಆದ್ದರಿಂದ ಎಚ್ಚರಗೊಂಡವುಗಳನ್ನು ನೋಡಿ ಸಂಗ್ರಹ ಎಷ್ಟಿರಬಹುದೆಂದು ಊಹಿಸುತ್ತಾರೆ. ಇದು ಒಳ್ಳೆಯ ಊಹೆಯೇ. ಆದರೂ ಊಹೆ.

ಮೂವತ್ತರ ಹರೆಯದಲ್ಲಿ ಸುಮಾರಾಗಿ 3ರ ಆಸುಪಾಸು, ನಲವತ್ತಕ್ಕೆ 1ರ ಆಸುಪಾಸು ನ್ಯಾನೋಗ್ರಾಂ ಎನ್ನುವುದು ಸಾಮಾನ್ಯವಾಗಿ ಕಾಣುವ ಮಟ್ಟ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ನಡುವೆ ಇದರ ಅಂತರ ನಾಲ್ಕೈದು ಪಟ್ಟು ಇರುವುದೂ ಉಂಟು.

ಇನ್ನು ಎಲ್ಲರ ಎದೆಯಲ್ಲಿರುವ ಪ್ರಶ್ನೆಗೆ ಬರೋಣ. ಗುಂಪು ಚಿಕ್ಕದಾದರೆ ಬಸಿರಾಗುವ ಸಾಧ್ಯತೆಯೂ ಅಷ್ಟೇ ಕುಗ್ಗಬೇಕಲ್ಲವೇ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಂಡಾಶಯ ಕೆಲಸ ಮಾಡುವ ರೀತಿ ಬೇರೆ. ಮುಟ್ಟು ಶುರುವಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಇಳಿದುಬರುತ್ತದೆ. ಆಗ ಬೆಳೆಯಲು ಸಿದ್ಧವಾಗಿ ನಿಂತಿರುವ ಫಾಲಿಕಲ್‌ಗಳು ಇಪ್ಪತ್ತಿರಬಹುದು, ಐದಿರಬಹುದು. ನಾಲ್ಕೈದು ದಿನ ಎಲ್ಲವೂ ಒಟ್ಟಿಗೇ ಉಬ್ಬುತ್ತವೆ. ಆಮೇಲೆ ಅವುಗಳಲ್ಲಿ ಒಂದು ಮುಂದೆ ಹೋಗುತ್ತದೆ. ಅದು ಸುರಿಸುವ ಈಸ್ಟ್ರೋಜನ್ನಿನಿಂದಾಗಿ ಎಫ್‌ಎಸ್‌ಎಚ್ ಇಳಿಯುತ್ತದೆ, ಮಿಕ್ಕವಕ್ಕೆ ಆಧಾರ ತಪ್ಪಿ ಅವು ಸೊರಗುತ್ತವೆ. ಮುಂದೆ ಹೋದದ್ದು ಹದಿನೆಂಟು ಇಪ್ಪತ್ತು ಮಿಲಿಮೀಟರ್ ಆದಾಗ ಒಡೆದು ಅಂಡಾಣುವನ್ನು ಹೊರಬಿಡುತ್ತದೆ. ಇಪ್ಪತ್ತು ನಿಂತಿದ್ದವಳಲ್ಲಿ ಹತ್ತೊಂಬತ್ತು ಕರಗಿದವು, ಐದು ನಿಂತಿದ್ದವಳಲ್ಲಿ ನಾಲ್ಕು ಕರಗಿದವು. ಹೊರಬಂದದ್ದು ಇಬ್ಬರಲ್ಲೂ ಒಂದೇ. ಮನೆಯಲ್ಲಿ ತಾನಾಗಿ ನಿಲ್ಲುವ ಬಸಿರಿಗೆ ಆ ತಿಂಗಳು ಬೇಕಾಗಿದ್ದದ್ದೂ ಆ ಒಂದೇ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆನ್ ಸ್ಟೈನರ್ ಮತ್ತು ಅವರ ಜೊತೆಗಾರರು ನಡೆಸಿದ ಅಧ್ಯಯನ 2017ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 30ರಿಂದ 44 ವರ್ಷದ 750 ಮಹಿಳೆಯರು. ಯಾರಿಗೂ ಬಂಜೆತನದ ಹಿನ್ನೆಲೆ ಇರಲಿಲ್ಲ. ಮಗುವಿಗಾಗಿ ಪ್ರಯತ್ನ ಶುರುಮಾಡಿ ಮೂರು ತಿಂಗಳು ಮೀರಿರಲಿಲ್ಲ. ಎಲ್ಲರ ಎಎಂಎಚ್ ಅಳೆದು, ಔಷಧವಿಲ್ಲದೆ ತಾವಾಗಿ ಎಷ್ಟು ಬೇಗ ಬಸಿರಾಗುತ್ತಾರೆಂದು ಗಮನಿಸಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಋತುಚಕ್ರದೊಳಗೆ ಬಸಿರಾಗುವ ಸಾಧ್ಯತೆ ನೂರಕ್ಕೆ 65 ಎಂದು ಬಂತು, ಸಾಮಾನ್ಯ ಮಟ್ಟದವರಲ್ಲಿ 62. ಹನ್ನೆರಡು ಚಕ್ರದ ಹೊತ್ತಿಗೆ 84 ಮತ್ತು 75. ಕಡಿಮೆ ಇದ್ದವರೇ ಮುಂದಿದ್ದಂತೆ ಕಾಣುವುದು ಕಾಕತಾಳೀಯ. ಅವರ ಗುಂಪಿನಲ್ಲಿದ್ದವರು 84 ಮಂದಿಯಷ್ಟೇ, ಆದ್ದರಿಂದ ಆ ಅಂತರಕ್ಕೆ ಅರ್ಥ ಕಟ್ಟಲಾಗದು. ಮುಖ್ಯವಾದದ್ದು, ಕಡಿಮೆ ಎಎಂಎಚ್ ಇದ್ದವರು ಹಿಂದೆ ಬೀಳಲಿಲ್ಲ ಎನ್ನುವುದು. ಅಮೆರಿಕದ ಪ್ರಸೂತಿತಜ್ಞರ ಸಂಘ 2019ರಲ್ಲಿ ಹೊರಡಿಸಿದ ಸಲಹೆಯಲ್ಲಿ, ಬಂಜೆತನದ ಸಮಸ್ಯೆಯೇ ಇಲ್ಲದ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಹೇಳಲು ಒಂದು ಎಎಂಎಚ್ ಫಲಿತಾಂಶವನ್ನು ಬಳಸಬಾರದು ಎಂದಿತು.

ಹಾಗಾದರೆ ನಲವತ್ತರ ಹೊತ್ತಿಗೆ ಎಎಂಎಚ್ಚೂ ಇಳಿಯುತ್ತದೆ, ಬಸಿರಾಗುವುದೂ ಕಷ್ಟವಾಗುತ್ತದೆ, ಇವೆರಡಕ್ಕೂ ಸಂಬಂಧವಿಲ್ಲವೇ? ಎರಡನ್ನೂ ಇಳಿಸುತ್ತಿರುವುದು ವಯಸ್ಸು. ಒಂದು ಇನ್ನೊಂದಕ್ಕೆ ಕಾರಣವಲ್ಲ. ಎಎಂಎಚ್ ಕಣಜದಲ್ಲಿ ಬಿತ್ತನೆ ಕಾಳು ಎಷ್ಟಿದೆ ಎಂದು ಹೇಳೀತೇ ಹೊರತು ಹಾಕಿದ್ದು ಮೊಳೆಯುತ್ತದೋ ಎಂದು ಹೇಳದು. ಮೊಳೆಯುವ ಶಕ್ತಿ ಅಂಡಾಣುವಿನ ಒಳಗಿನ ಕ್ರೋಮೋಸೋಮುಗಳ ವಿಷಯ. ಹೆಣ್ಣು ಹುಟ್ಟುವ ಮೊದಲೇ ಅವಳ ಅಂಡಾಣುಗಳು ಕೋಶವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯತೊಡಗುತ್ತವೆ. ಕ್ರೋಮೋಸೋಮಿನ ಜೋಡಿಗಳನ್ನು ಅಷ್ಟೂ ವರ್ಷ ಹಿಡಿದಿಡುವುದು ಕೆಲವು ಪ್ರೊಟೀನುಗಳ ಬಂಧ. ಇಪ್ಪತ್ತೆಂಟು ವರ್ಷ ಕಾದದ್ದರಲ್ಲಿ ಆ ಬಂಧ ಬಿಗಿಯಾಗಿರುತ್ತದೆ, ನಲವತ್ತೆರಡು ವರ್ಷ ಕಾದದ್ದರಲ್ಲಿ ಸಡಿಲವಾಗಿರುತ್ತದೆ. ವಿಭಜನೆ ಮತ್ತೆ ಶುರುವಾದಾಗ ಜೋಡಿಗಳು ಸರಿಯಾಗಿ ಬೇರೆಯಾಗದೆ ಒಂದು ಹೆಚ್ಚೋ ಒಂದು ಕಡಿಮೆಯೋ ಆದ ಅಂಡಾಣು ಹೊರಬರುತ್ತದೆ. ಅದರಿಂದಾದ ಭ್ರೂಣ ಗರ್ಭಕೋಶದಲ್ಲಿ ನಿಲ್ಲುವುದೇ ಇಲ್ಲ, ನಿಂತರೂ ಬಹುಪಾಲು ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುತ್ತದೆ. ಇದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನಾಂಕವೇ ಇದಕ್ಕಿರುವ ಒಳ್ಳೆಯ ಸೂಚನೆ.

ಇಬ್ಬರು ಹೆಂಗಸರನ್ನು ಎದುರುಬದುರು ಇಟ್ಟುಕೊಂಡು ನೋಡಿದರೆ ಇದು ತಿಳಿಯಾಗುತ್ತದೆ. ಹಾಸನದ ಕಡೆಯ ಶಾಲಾ ಶಿಕ್ಷಕಿ ಎಂದುಕೊಳ್ಳಿ, ವಯಸ್ಸು 29, ಎಎಂಎಚ್ 0.8. ಬೆಂಗಳೂರಿನ ಬ್ಯಾಂಕ್ ಉದ್ಯೋಗಿ, ವಯಸ್ಸು 41, ಎಎಂಎಚ್ 2.6. ವರದಿಗಳನ್ನು ಅಕ್ಕಪಕ್ಕ ಇಟ್ಟವರು ಬ್ಯಾಂಕಿನಾಕೆಯೇ ನಿಶ್ಚಿಂತೆ ಎಂದುಕೊಂಡಾರು. ಆದರೆ ಇಬ್ಬರಿಗೂ ಮುಟ್ಟು ಸರಿಯಾಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ, ತಾನಾಗಿ ಬಸಿರಾಗುವ ಸಾಧ್ಯತೆ ಶಿಕ್ಷಕಿಗೆ ತಿಂಗಳಿಗೆ ನೂರಕ್ಕೆ ಇಪ್ಪತ್ತರ ಸುಮಾರು, ಬ್ಯಾಂಕಿನಾಕೆಗೆ ಐದರ ಸುಮಾರು.

ಇಬ್ಬರಿಗೂ ಐವಿಎಫ್ ಬೇಕಾಯಿತು ಎಂದಿಟ್ಟುಕೊಳ್ಳೋಣ. ಅಲ್ಲಿ ಎಎಂಎಚ್ ಮಾತಾಡುತ್ತದೆ. ಐವಿಎಫ್‌ನಲ್ಲಿ ಹತ್ತು ದಿನದಷ್ಟು ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಸೊರಗಿ ಕರಗಬೇಕಿದ್ದ ಫಾಲಿಕಲ್‌ಗಳನ್ನೂ ಬೆಳೆಸುತ್ತಾರೆ. ನಿಂತಿದ್ದವು ಎಷ್ಟೋ ಅಷ್ಟೇ ಬೆಳೆಯಲು ಸಾಧ್ಯ. ಶಿಕ್ಷಕಿಗೆ 5 ಅಂಡಾಣು ಸಿಕ್ಕವು ಎನ್ನಿ. ಅವುಗಳಲ್ಲಿ ಬಲಿತವು 4, ವೀರ್ಯಾಣುವಿನೊಡನೆ ಕೂಡಿ ಫಲಿತವಾದವು 3, ಐದನೇ ದಿನದವರೆಗೆ ಬೆಳೆದು ನಿಂತ ಭ್ರೂಣ 1 ಅಥವಾ 2. ಅವಳ ವಯಸ್ಸಿನಲ್ಲಿ ಇಂಥ ಭ್ರೂಣಗಳಲ್ಲಿ ಹೆಚ್ಚಿನವು ಕ್ರೋಮೋಸೋಮಿನ ಲೆಕ್ಕದಲ್ಲಿ ಸರಿಯಾಗಿರುತ್ತವೆ. ಬ್ಯಾಂಕಿನಾಕೆಗೆ 12 ಸಿಕ್ಕವು. ಬಲಿತವು 9, ಫಲಿತವಾದವು 7, ಐದನೇ ದಿನ ಮುಟ್ಟಿದವು 3. ಅವಳ ವಯಸ್ಸಿನಲ್ಲಿ ಇವುಗಳಲ್ಲಿ ಮೂರಕ್ಕೆ ಒಂದು ಸರಿಯಿದ್ದರೆ ಅದೇ ಹೆಚ್ಚು. ಇಬ್ಬರೂ ಕೊನೆಗೆ ಹೆಚ್ಚುಕಡಿಮೆ ಒಂದೊಂದು ಒಳ್ಳೆಯ ಭ್ರೂಣಕ್ಕೆ ಬಂದು ನಿಂತರು. ಇವು ಒಬ್ಬೊಬ್ಬರಲ್ಲಿ ಬದಲಾಗುವ ಅಂಕಿಗಳು. ಲೆಕ್ಕದ ದಾರಿ ಮಾತ್ರ ಇದೇ. ಬ್ಯಾಂಕಿನಾಕೆಯ 2.6 ಬರಿದೇ ಹೋಯಿತು ಎಂದಲ್ಲ. ಅವಳದ್ದೂ 0.8 ಆಗಿದ್ದರೆ ಆ ಒಂದು ಭ್ರೂಣವೂ ಸಿಗದೆ ಹೋಗುವ ಸಂಭವವೇ ಹೆಚ್ಚಿತ್ತು.

ಈ ಪರೀಕ್ಷೆಯ ನಿಜವಾದ ಉಪಯೋಗ ಇರುವುದು ಇಲ್ಲಿಯೇ: ಇಂಜೆಕ್ಷನ್ನಿಗೆ ಅಂಡಾಶಯ ಹೇಗೆ ಓಗೊಡಬಹುದು ಎಂದು ಮೊದಲೇ ಅಂದಾಜು ಮಾಡುವುದರಲ್ಲಿ. ಎಎಂಎಚ್ ತೀರಾ ಹೆಚ್ಚಿದ್ದವರಿಗೆ ಮಾಮೂಲು ಡೋಸ್ ಕೊಟ್ಟರೆ ಮೂವತ್ತು ನಲವತ್ತು ಫಾಲಿಕಲ್ ಒಟ್ಟಿಗೆ ಎದ್ದು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರುವಂತಾಗಬಹುದು. ಅಂಥವರಿಗೆ ಡೋಸ್ ಇಳಿಸುತ್ತಾರೆ. ಕಡಿಮೆ ಇದ್ದವರಿಗೆ, ಒಂದು ಸಲಕ್ಕೆ ಕೆಲವೇ ಅಂಡಾಣು ಸಿಗಬಹುದು, ಎರಡು ಮೂರು ಸಲ ಮಾಡಬೇಕಾದೀತು ಎಂದು ದುಡ್ಡಿನ ಲೆಕ್ಕವನ್ನೂ ಸೇರಿಸಿ ಮೊದಲೇ ಹೇಳಲು ಆಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಮೊದಲು, ಅಂಡಾಶಯದ ಚಾಕೊಲೇಟ್ ಸಿಸ್ಟ್ ತೆಗೆಯುವ ಆಪರೇಷನ್ನಿಗೆ ಮೊದಲು ಇದನ್ನು ಮಾಡಿಸುವುದೂ ಅರ್ಥವಿರುವ ಕೆಲಸವೇ. ಸಿಸ್ಟ್ ಸುಲಿಯುವಾಗ ಅದಕ್ಕೆ ಅಂಟಿಕೊಂಡ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಮೊದಲೇ ಕಡಿಮೆ ಇರುವವಳಿಗೆ ಕತ್ತರಿ ಹಾಕುವ ಮುನ್ನ ಡಾಕ್ಟರು ಎರಡು ಸಲ ಯೋಚಿಸಬೇಕು.

ಅಂಕಿಯನ್ನು ನಂಬುವ ಮೊದಲು ಅದು ಬಂದ ಬಗೆಯನ್ನೂ ನೋಡಬೇಕು. ಎಎಂಎಚ್ಚಿಗೆ ಎರಡು ಮಾನಗಳು ಬಳಕೆಯಲ್ಲಿವೆ. ನಮ್ಮಲ್ಲಿ ಹೆಚ್ಚಾಗಿ ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎನ್ನುತ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಇಷ್ಟು ಪಿಕೋಮೋಲ್ ಎನ್ನುತ್ತಾರೆ. ಒಂದು ನ್ಯಾನೋಗ್ರಾಂ ಅಂದರೆ ಸುಮಾರು 7.1 ಪಿಕೋಮೋಲ್. ಲಂಡನ್ನಿನಲ್ಲಿರುವ ಮಗಳು 6.4 ಎಂದು ಕಳಿಸಿದ ವರದಿಯನ್ನು ಮೈಸೂರಿನಲ್ಲಿ ತಾಯಿ ನೋಡಿ ‘ಚೆನ್ನಾಗಿದೆ’ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ಮಾನದಲ್ಲಿ ಅದು 0.9. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬೇರೆ, ವಿಧಾನ ಬೇರೆ. ಒಂದು ಕಡೆ 1.1 ಬಂದದ್ದು ಇನ್ನೊಂದು ಕಡೆ 0.9 ಬಂದರೆ ಎರಡು ತಿಂಗಳಲ್ಲಿ ಮೊಟ್ಟೆ ಬರಿದಾದವು ಎಂದು ಅಳಬೇಕಾಗಿಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಅಂಕಿ ಇಳಿದಿರುತ್ತದೆ. ಮಾತ್ರೆ ಬಿಟ್ಟ ಎರಡು ಮೂರು ತಿಂಗಳಲ್ಲಿ ಮೇಲೆ ಬರುತ್ತದೆ.

ಇನ್ನೊಂದು ಕಾರಣವನ್ನು ಬಹಳ ಜನ ಊಹಿಸುವುದೂ ಇಲ್ಲ. ಕೂದಲು ಉದುರುವುದಕ್ಕೆಂದು ನುಂಗುವ ಬಯೋಟಿನ್ ಮಾತ್ರೆ. ಕೆಲವು ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ನಿನ ಕೊಂಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಇರುವುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಆ ಮಾತ್ರೆ ನಿಲ್ಲಿಸಿ, ಲ್ಯಾಬಿನವರಿಗೂ ಡಾಕ್ಟರಿಗೂ ಹೇಳುವುದು ಒಳ್ಳೆಯದು.

ಅಂಕಿ ಸರಿಯಿದೆಯೇ ಎಂದು ತಿಳಿಯಲು ಒಂದು ನೇರವಾದ ದಾರಿ ಇದೆ. ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯಗಳ ಸಣ್ಣ ಫಾಲಿಕಲ್‌ಗಳನ್ನು ಎಣಿಸಬಹುದು. ಬೂದುಬಣ್ಣದ ಚಿತ್ರದಲ್ಲಿ ಅವು ಪುಟ್ಟ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಎಎಂಎಚ್ 0.5 ಬಂದಿದ್ದು ಸ್ಕ್ಯಾನ್‌ನಲ್ಲಿ ಹದಿನಾಲ್ಕು ಚುಕ್ಕೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ರಕ್ತಪರೀಕ್ಷೆಯನ್ನು. ಎರಡೂ ಕಡಿಮೆ ಎಂದರೆ ಅಂಕಿಯನ್ನು ನಂಬಬಹುದು.

ಹೆಚ್ಚು ಬಂದವರೂ ಹಿಗ್ಗಬೇಕಾಗಿಲ್ಲ. 7, 9, 12 ಎಂದೆಲ್ಲ ಬರುವುದು ಬಹುಪಾಲು ಪಿಸಿಓಎಸ್ ಇರುವವರಲ್ಲಿ. ಅವರ ಅಂಡಾಶಯದ ತುಂಬ ಫಾಲಿಕಲ್‌ಗಳು ಸಣ್ಣದರಲ್ಲೇ ನಿಂತುಬಿಟ್ಟಿರುತ್ತವೆ, ಒಂದೂ ಬಲಿತು ಒಡೆಯದೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಸಂಗ್ರಹ ತುಂಬಿದ್ದೂ ಬಸಿರು ತಡವಾಗುವುದು ಹೀಗೆ.

ಕಡಿಮೆ ಎಎಂಎಚ್ ಏನೂ ಅಲ್ಲ ಎಂದು ಹೇಳಿ ಕಳಿಸುವುದೂ ಸರಿಯಲ್ಲ. ಈ ತಿಂಗಳ ಸಾಧ್ಯತೆಯ ಬಗ್ಗೆ ಅದು ಏನೂ ಹೇಳದಿದ್ದರೂ, ಮುಂದಿನ ವರ್ಷಗಳು ಬೇರೆಯವರಿಗಿಂತ ಬೇಗ ಮುಗಿಯಬಹುದು ಎಂಬ ಸೂಚನೆ ಅದರಲ್ಲಿದೆ. ಎಷ್ಟು ಬೇಗ ಎಂದು ಒಬ್ಬೊಬ್ಬರಿಗೂ ಕರಾರುವಾಕ್ಕಾಗಿ ಹೇಳಲು ಆಗದು. ಮುಂದೆ ಐವಿಎಫ್ ಬೇಕಾದರೆ ಅಂಡಾಣುಗಳು ಕಡಿಮೆ ಸಿಗುತ್ತವೆ ಎನ್ನುವುದಂತೂ ಖಚಿತ. ಆದ್ದರಿಂದ 29ರ ಶಿಕ್ಷಕಿಗೆ ‘ಇನ್ನು ಐದು ವರ್ಷ ಬಿಟ್ಟು ನೋಡೋಣ’ ಎನ್ನುವ ಯೋಜನೆಯಿದ್ದರೆ ಅದನ್ನು ಮತ್ತೆ ಯೋಚಿಸಲು ಇದು ಕಾರಣ. ನಲವತ್ತಕ್ಕೆ ಮೊದಲೇ ಎಎಂಎಚ್ ತೀರಾ ತಳಮುಟ್ಟಿದ್ದು, ಜೊತೆಗೆ ಮುಟ್ಟೂ ತಿಂಗಳುಗಟ್ಟಲೆ ನಿಂತಿದ್ದರೆ ವಿಷಯ ಬೇರೆ. ಅಂಡಾಶಯವೇ ಬೇಗ ಸುಸ್ತಾಗುತ್ತಿರಬಹುದು. ತಡಮಾಡದೆ ಎಫ್‌ಎಸ್‌ಎಚ್ ಮಾಡಿಸಿ ಸ್ತ್ರೀರೋಗತಜ್ಞರನ್ನು ಕಾಣಬೇಕು. ಮೂಳೆ, ಹೃದಯಗಳ ಆರೋಗ್ಯಕ್ಕೂ ಇದು ಸಂಬಂಧಪಟ್ಟದ್ದು.

ಎಎಂಎಚ್ ಏರಿಸುತ್ತೇವೆ ಎಂದು ಮಾರುವ ಪುಡಿ, ಮಾತ್ರೆ, ಅಂಡಾಶಯಕ್ಕೇ ಚುಚ್ಚುವ ಪಿಆರ್‌ಪಿ ಇಂಜೆಕ್ಷನ್ನುಗಳ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಕರಗಿಹೋದ ಅಂಡಾಣುಗಳನ್ನು ಮರಳಿ ತುಂಬುತ್ತದೆಂದು ಸಾಬೀತಾದ ಔಷಧ ಯಾವುದೂ ಇಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ 0.9 ಯಾವಾಗ 1.2 ಆಗುತ್ತದೆಂದು ಕಾಯುವವರು ಕಳೆದುಕೊಳ್ಳುವುದು ಕಾಲವನ್ನು.

ಆ ಕಾಲದಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ. ನನಗೆ ಎಲ್ಲಕ್ಕಿಂತ ನೋವಾಗುವುದು ಇಲ್ಲಿ. ಹೆಂಡತಿಯ ಎಎಂಎಚ್ ಎರಡು ಸಲ ಆಗಿರುತ್ತದೆ, ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ‘ನಮ್ಮ ಹುಡುಗನಿಗೆ ಏನೂ ತೊಂದರೆ ಇಲ್ಲ’ ಎಂದು ಮನೆಯವರೇ ತೀರ್ಪು ಕೊಟ್ಟಿರುತ್ತಾರೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ, ಮತ್ತು ಆ ಪರೀಕ್ಷೆ ಎಎಂಎಚ್‌ಗಿಂತ ಅಗ್ಗ. ಗರ್ಭನಾಳ ತೆರೆದಿದೆಯೇ ಎಂದು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದು ನೋಡಬೇಕು. ನಮ್ಮ ದೇಶದಲ್ಲಿ ಕ್ಷಯರೋಗವೂ ಸದ್ದಿಲ್ಲದೆ ಗರ್ಭನಾಳವನ್ನು ಮುಚ್ಚುತ್ತದೆ, ಮುಚ್ಚಿದ ನಾಳಕ್ಕೂ ಎಎಂಎಚ್ಚಿಗೂ ಏನೂ ಸಂಬಂಧವಿಲ್ಲ. ಥೈರಾಯ್ಡ್ ನೋಡಬೇಕು, ತಿಂಗಳುತಿಂಗಳೂ ಅಂಡಾಣು ಬಿಡುಗಡೆಯಾಗುತ್ತಿದೆಯೇ ನೋಡಬೇಕು.

ಹಾಸನದ ಶಿಕ್ಷಕಿ ಪ್ರಯತ್ನ ಶುರುಮಾಡಿ ನಾಲ್ಕೇ ತಿಂಗಳಾಗಿದ್ದು, ಈ ಪರೀಕ್ಷೆಗಳೆಲ್ಲ ಸರಿಯಿದ್ದರೆ, 0.8 ಎಂಬ ಒಂದೇ ಅಂಕಿ ಅವಳನ್ನು ನೇರವಾಗಿ ಐವಿಎಫ್‌ಗೆ ಕಳಿಸಲು ಕಾರಣವಾಗದು. ಸಾಮಾನ್ಯವಾಗಿ ಮೂವತ್ತೈದರೊಳಗಿನವರು ಒಂದು ವರ್ಷ, ಮೂವತ್ತೈದು ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಮೇಲೆ ಡಾಕ್ಟರ ಹತ್ತಿರ ಹೋಗಬೇಕೆನ್ನುತ್ತಾರೆ. ನಲವತ್ತು ದಾಟಿದವರು ಕಾಯಲೇಬಾರದು. ಅವಳ ಅಂಕಿ ಕಡಿಮೆ ಇರುವುದರಿಂದ ಒಂದು ವರ್ಷದ ಬದಲು ಆರು ತಿಂಗಳಿಗೇ ಮತ್ತೆ ಬನ್ನಿ ಎನ್ನುವುದು ವಿವೇಕ. ‘ಐವಿಎಫ್ ಈಗಲೇ ಯಾಕೆ ಬೇಕು ಡಾಕ್ಟ್ರೇ, ಎಎಂಎಚ್ ಬಿಟ್ಟರೆ ಬೇರೆ ಕಾರಣ ಏನಿದೆ?’ ಎಂದು ಅವಳು ಕೇಳಬಹುದು. ಗಂಡನ ವರದಿ, ಗರ್ಭನಾಳದ ವರದಿ, ಇಬ್ಬರ ವಯಸ್ಸು, ಪ್ರಯತ್ನಿಸಿದ ಕಾಲ ಇವುಗಳಲ್ಲಿ ಯಾವುದನ್ನಾದರೂ ತೋರಿಸಿ ಡಾಕ್ಟರು ಉತ್ತರ ಕೊಟ್ಟರೆ ಅದನ್ನು ಗಂಭೀರವಾಗಿ ಕೇಳಿಸಿಕೊಳ್ಳಬೇಕು. ಎಎಂಎಚ್ ಹಾಳೆಯನ್ನೇ ಮತ್ತೆ ತೋರಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಅವಳಿಗೆ ಸಮಯವಿದೆ.